ಆರನೆಯ ಸಾಲಿನಲ್ಲಿ ಏನಿದೆ?

ಹಾನುಬಾಳಿನಲ್ಲಿ ಆಷಾಢದ ಮಳೆ ಹಿಡಿದ ಒಂದು ಮಧ್ಯಾಹ್ನ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಷ್ಟ್ರ ಮನೆಯ ಜಗಲಿ. ಬಂದವಳು ಅವರ ಹಳೆಯ ವಿದ್ಯಾರ್ಥಿನಿ. ತಂದೆ ತೀರಿಕೊಂಡ ಮೇಲೆ ಮನೆಯ ಕಾಫಿ ತೋಟ ನೋಡಿಕೊಳ್ಳುತ್ತಿರುವವಳು. ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿಟ್ಟ ಒಂದು ಹಾಳೆ ತಂದಿದ್ದಾಳೆ.

— ಎಷ್ಟು ದಿನದಿಂದ ಇದು ಹೀಗೆ ನಿಂತಿದೆ?

— ಎರಡು ವರ್ಷ ಆಯ್ತು ಮೇಷ್ಟ್ರೇ. ಅಪ್ಪ ಹೋಗಿ ಮೂರು ತಿಂಗಳಿಗೆ ಬರೆದದ್ದು. ಆಮೇಲೆ ಹತ್ತಾರು ಸಲ ತೆಗೆದೆ. ಒಂದು ಸಾಲು ಹೊಡೆದು ಹಾಕ್ತೀನಿ, ಮತ್ತೆ ಅದನ್ನೇ ಬರೀತೀನಿ. ಕೊನೆಗೆ ಬಂದು ಅಲ್ಲೇ ನಿಲ್ಲುತ್ತೆ.

— ಓದು. ಮಳೆ ಸದ್ದು ಜೋರಿದೆ, ಸ್ವಲ್ಪ ಗಟ್ಟಿಯಾಗಿ ಓದು.

— ಅಪ್ಪ ಪ್ರತಿ ಬೆಳಿಗ್ಗೆ
ಮಳೆಯನ್ನು ಅಳೆಯುತ್ತಿದ್ದ
ಇಂಚುಗಳಲ್ಲಿ, ಸೆಂಟುಗಳಲ್ಲಿ
ಒಂದು ಹಳೆಯ ನೋಟುಪುಸ್ತಕದಲ್ಲಿ
ಆಕಾಶದ ಲೆಕ್ಕ ಬರೆದಿಡುತ್ತಿದ್ದ
ಈಗ ಅಪ್ಪ ಇಲ್ಲ
ಮಳೆ ಬರುತ್ತದೆ
ಲೆಕ್ಕವಿಲ್ಲದೆ ಸುರಿಯುತ್ತದೆ
ನನ್ನೊಳಗೆ

— ಅಳೀತಿದ್ದದ್ದು ನಿಜ ತಾನೆ? ಪದ್ಯಕ್ಕೆ ಅಂತ ಹುಟ್ಟಿದ್ದಲ್ಲವಲ್ಲ?

— ನಿಜವೇ. ಅಂಗಳದಲ್ಲಿ ಕಲ್ಲಿನ ಮೇಲೆ ಮಾಪಕ ಇದೆ. ದಿನಾ ಬೆಳಿಗ್ಗೆ ಎಂಟಕ್ಕೆ ಒಳಗಿನ ಡಬ್ಬಿ ತೆಗೆದು, ನೀರನ್ನ ಗಾಜಿನ ಜಾರಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡೋರು. ಇಂಚಿಗೆ ನೂರು ಸೆಂಟು. ಸರ್ಕಾರದವರು ಮಿಲಿಮೀಟರ್ ಅಂದರೂ ನಮ್ಮ ಕಡೆ ತೋಟದವರ ಬಾಯಲ್ಲಿ ಇವತ್ತಿಗೂ ಇಂಚು, ಸೆಂಟು ತಾನೆ? ಮಾರ್ಚ್ ಬಂತು ಅಂದರೆ ಅಪ್ಪನಿಗೆ ನಿದ್ದೆ ಇರ್ತಿರಲಿಲ್ಲ. ಒಂದಿಂಚು ಹೂಮಳೆ ಬಿದ್ದರೆ ರೋಬಸ್ಟಾ ಗಿಡ ಎಂಟು-ಹತ್ತು ದಿನಕ್ಕೆ ಬೆಳ್ಳಗಾಗುತ್ತೆ. ನಾಲ್ಕು ಹನಿ ಉದುರಿಸಿ ಹೋದರೆ ಮೊಗ್ಗು ಅರೆಬರೆ ಬಿರಿದು ಆ ವರ್ಷದ ಫಸಲೇ ಕೆಡುತ್ತೆ.

— ನೋಡು, ಈಗ ಹೇಳಿದ್ದರಲ್ಲಿ ಜಾರು ಇದೆ, ಕಣ್ಣಿನ ಮಟ್ಟ ಇದೆ, ನಿದ್ದೆ ಕೆಟ್ಟ ಮಾರ್ಚ್ ಇದೆ. ಹಾಳೆಯಲ್ಲಿ ಒಂದೂ ಇಲ್ಲ. ಅಲ್ಲಿರೋದು ಆಕಾಶದ ಲೆಕ್ಕ. ಒಂಬತ್ತು ಸಾಲಿಗೂ ಒಂದೇ ತೂಕ. ಎಲ್ಲಿ ಉಸಿರು ಸಾಕಾಯ್ತೋ ಅಲ್ಲಿ ಮುರಿದಿದ್ದೀಯ, ಅದರಿಂದ ಯಾವ ಸಾಲೂ ನಿನ್ನನ್ನ ತಡೆದು ನಿಲ್ಲಿಸಿ ಏನೂ ಕೇಳಿಲ್ಲ. ಇದನ್ನ ಭಾಮಿನಿ ಷಟ್ಪದಿಗೆ ಹಾಕಿ ನೋಡು.

— ಭಾಮಿನಿಗಾ? ಅದು ಕುಮಾರವ್ಯಾಸನದು. ಮಳೆಮಾಪಕದ ಮೇಲೆ ಷಟ್ಪದಿ ಬರೆದರೆ ಯಾರು ಓದ್ತಾರೆ? ಗೋವಿಂದ ಪೈಗಳು ಆದಿಪ್ರಾಸವನ್ನೇ ಬಿಟ್ಟು ನೂರು ವರ್ಷ ದಾಟಿತು ಅಂತ ನೀವೇ ಪಾಠ ಮಾಡಿದ್ದು.

— ಮಾಡಿದ್ದೆ. ಮಂಜೇಶ್ವರದ ಪೈಗಳು ಪ್ರಾಸ ಬಿಡೋ ಹೊತ್ತಿಗೆ ಪ್ರಾಸ ಅವರ ಕೈಯೊಳಗೆ ಪಳಗಿತ್ತು. ಅಡಿಗರೂ ಹಾಗೇ, 1946ರ ‘ಭಾವತರಂಗ’ದಲ್ಲಿ ಮಾತ್ರೆ ಎಣಿಸಿದ ಕಿವಿಯೇ 1954ರ ‘ಚಂಡೆಮದ್ದಳೆ’ಯಲ್ಲೂ ಕೆಲಸ ಮಾಡಿದ್ದು. ಆದರೆ ನಿನಗೆ ಇದನ್ನ ಅಚ್ಚಿಗೆ ಕೊಡು ಅಂತ ನಾನು ಹೇಳ್ತಿಲ್ಲ. ಪದ್ಯದಲ್ಲಿ ಏನು ಅಡಗಿದೆ ಅಂತ ಗೊತ್ತಾಗೋವರೆಗೆ ಹಾಕು. ಗೊತ್ತಾದ ಮೇಲೆ ಷಟ್ಪದಿ ಇಟ್ಟುಕೊಳ್ಳೋದು ಬಿಡೋದು ನಿನ್ನಿಷ್ಟ.

— ಭಾಮಿನಿಯೇ ಯಾಕೆ? ನಾನು ಒಂದು ಸಲ ಐದು ಮಾತ್ರೆಯ ಗಣಕ್ಕೆ ಹಾಕಿ ನೋಡಿದ್ದೆ.

— ಏನಾಯ್ತು?

— ಓಡಿತು. ಇಳಿಜಾರಿನಲ್ಲಿ ಜೀಪು ಬಿಟ್ಟ ಹಾಗೆ. ಅಪ್ಪ ತೀರಿಕೊಂಡದ್ದೂ ಓಡಿಕೊಂಡೇ ಬಂತು. ಹಾಳೆ ಹರಿದು ಹಾಕಿದೆ.

— ಅದಕ್ಕೇ ಭಾಮಿನಿ. ನಿನ್ನ ಹಾಳೆಯಲ್ಲಿ ಒಂದೇ ಒಂದು ಸಾಲಿಗೆ ನಡಿಗೆ ಇದೆ: ‘ಈಗ ಅಪ್ಪ ಇಲ್ಲ’. ಮಾತ್ರೆ ಎಣಿಸು. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೂ ಸೊನ್ನೆ ಇರೋದಕ್ಕೂ ಎರಡು.

— ಈಗ, ಮೂರು. ಅಪ್ಪ, ಮೂರು. ಇಲ್ಲ, ಮೂರು.

— ಮೂರು, ಮೂರು, ಮೂರು, ಆಮೇಲೆ ಹೆಜ್ಜೆ ಇಡೋಕೆ ನೆಲ ಇಲ್ಲ. ಭಾಮಿನಿಯಲ್ಲಿ ಪ್ರತಿ ಮೂರರ ಪಕ್ಕ ಒಂದು ನಾಲ್ಕು ಇರುತ್ತೆ. ಮೂರು ಎತ್ತಿಕೊಳ್ಳುತ್ತೆ, ನಾಲ್ಕು ಊರುತ್ತೆ. ಎರಡು ಸಾಲು ಹದಿನಾಲ್ಕು ಹದಿನಾಲ್ಕು ಮಾತ್ರೆ, ಮೂರನೆಯದು ಉದ್ದ: ಮೂರು ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು ಇಪ್ಪತ್ಮೂರು. ಆಮೇಲೆ ಮತ್ತೆ ಎರಡು ಗಿಡ್ಡ, ಒಂದು ಉದ್ದ. ಆರೂ ಸಾಲಿನಲ್ಲಿ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು, ಮೊದಲ ಅಕ್ಷರಗಳ ತೂಕವೂ ಒಂದೇ ಇರಬೇಕು. ಈಗ ನನಗೆ ಹೇಳು, ನಿನ್ನ ‘ನನ್ನೊಳಗೆ’ ಎಷ್ಟು ಮಾತ್ರೆ?

— ಐದು.

— ಆರನೆಯ ಸಾಲು ಇಪ್ಪತ್ಮೂರು ಕೇಳುತ್ತೆ. ಉಳಿದ ಹದಿನೆಂಟಕ್ಕೆ ನಿನ್ನ ಹತ್ತಿರ ಏನಿದೆ?

— ಏನೂ ಇಲ್ಲ ಮೇಷ್ಟ್ರೇ.

— ಎರಡು ವರ್ಷದಿಂದ ಅದು ನಿಂತಿರೋದು ಅಲ್ಲೇ. ಎಂಟು ದಿನ ಬಿಟ್ಟು ಬಾ.

*

— ಆರು ಸಾಲು ಆಗಲಿಲ್ಲ. ಮೂರೇ ತಂದಿದ್ದೀನಿ. ಪದ್ಯ ಅಪ್ಪನದು ಅಂತ ‘ಪ್ಪ’ ಪ್ರಾಸ ಹಿಡಿದೆ.

ಅಪ್ಪ ಬೆಳಗಿನ ಜಾವದೊಳಗೇ
ತಪ್ಪದೆಲೆ ಹೊರಬಂದು ನಿಲ್ಲುತ
ಒಪ್ಪವಾಗಿಹ ಹೊತ್ತಗೆಯ ತೆರೆದಂಕೆ ಬರೆಯುವನು

— ಮಾತ್ರೆ ಸರಿ ಇದೆ. ಎಲ್ಲೂ ಎಡವಿಲ್ಲ. ಗಣದ ಶುರುವಿಗೆ ಲಘು ಇಟ್ಟು ಅದರ ಪಕ್ಕ ಗುರು ಇಡಬಾರದು ಅನ್ನೋದೂ ನೆನಪಿಟ್ಟಿದ್ದೀಯ. ‘ಅದೇ’ ಮೂರು ಮಾತ್ರೆಯೇ, ಆದರೂ ಅದನ್ನ ಗಣದ ಮೊದಲಿಗೆ ಇಟ್ಟು ಹಾಡಿದರೆ ಕಾಲು ಮುಗ್ಗರಿಸುತ್ತೆ. ಸರಿ, ಈಗ ಒಂದೊಂದೇ ಮಾತು ಕೇಳ್ತೀನಿ. ಆ ನೋಟ್‌ಬುಕ್ ಒಪ್ಪವಾಗಿತ್ತಾ?

— ಇಲ್ಲ. ರಟ್ಟು ಬೂಷ್ಟು ಹಿಡಿದಿತ್ತು. ಮಳೆಗಾಲ ಹಾಳೆ ಒಂದಕ್ಕೊಂದು ಅಂಟಿಕೊಳ್ಳೋದು.

— ಮತ್ತೆ ಒಪ್ಪ ಎಲ್ಲಿಂದ ಬಂತು?

— ಪ್ರಾಸದಿಂದ.

— ನಿಮ್ಮನೇಲಿ ಅದನ್ನ ‘ಹೊತ್ತಗೆ’ ಅಂತಾರಾ?

— ಮಳೆ ಪುಸ್ತಕ ಅಂತೀವಿ.

— ಹಾಗಾದರೆ ಅದು ಮಾತ್ರೆ ತುಂಬಿಸೋಕೆ ಬಂದದ್ದು. ‘ನಿಲ್ಲುತ’, ‘ಆಗಿಹ’, ಎಲ್ಲ ಆ ಕುಲದ್ದೇ. ಇದೊಂದು ದೊಡ್ಡ ಅಪಾಯ ಕಣಮ್ಮ. ಲಯ ಕೂತುಬಿಟ್ಟರೆ ಕಿವಿಗೆ ತೃಪ್ತಿಯಾಗುತ್ತೆ, ಮನಸ್ಸು ಪ್ರಶ್ನೆ ಕೇಳೋದು ನಿಲ್ಲಿಸುತ್ತೆ. ನಾನು ವಯಸ್ಸಿನಲ್ಲಿ ಹೇಮಾವತಿ ಮೇಲೆ ನಲವತ್ತು ಷಟ್ಪದಿ ಬರೆದೆ. ಒಂದರಲ್ಲೂ ನಾನು ನೋಡಿದ ಹೊಳೆ ಇಲ್ಲ. ಪ್ರಾಸಕ್ಕೆ ಸಿಕ್ಕಿದ ಹೊಳೆ ಇದೆ. ಅದಕ್ಕೇ ಬರೆದ ಮೇಲೆ ಹಾಡಬೇಡ. ಪಕ್ಕದಮನೆಯವರಿಗೆ ವಿಷಯ ಹೇಳೋ ಹಾಗೆ ಬಿಡಿಸಿ ಹೇಳು. ಆ ಹೇಳಿಕೆಯಲ್ಲಿ ಯಾವ ಮಾತು ಬಾಯಿಗೆ ಬರಲ್ಲವೋ ಅದು ಸುಳ್ಳು.

— ಅಪ್ಪ ಬೆಳಗಿನ ಜಾವ ತಪ್ಪದೆ ಹೊರಗೆ ಬಂದು ಮಳೆ ಪುಸ್ತಕದಲ್ಲಿ ಬರೀತಿದ್ರು. ಜಾವವೂ ಸುಳ್ಳು, ಎಂಟು ಗಂಟೆಗೆ. ಉಳಿಯೋದು ‘ತಪ್ಪದೆ’ ಒಂದೇ.

— ಅದು ನಿನ್ನ ಹಳೇ ಹಾಳೆಯಲ್ಲಿ ಇತ್ತಾ?

— ಇರಲಿಲ್ಲ. ‘ಪ್ರತಿ ಬೆಳಿಗ್ಗೆ’ ಇತ್ತು.

— ಪ್ರತಿ ಬೆಳಿಗ್ಗೆ ಅಂದರೆ ಯಾರೂ ಏನೂ ಕೇಳಲ್ಲ. ತಪ್ಪದೆ ಅಂದಾಗ ನನಗೆ ಕೇಳಬೇಕು ಅನ್ನಿಸ್ತಿದೆ: ಯಾವತ್ತೂ ತಪ್ಪಲೇ ಇಲ್ವಾ?

— ಒಂದು ದಿನ ತಪ್ಪಿದೆ.

— ಯಾವತ್ತು?

— ಅಪ್ಪ ಹೋಗಿದ್ದು ಮಾರ್ಚಿನ ಒಂದು ರಾತ್ರಿ. ಅವತ್ತೇ ರಾತ್ರಿ ಹೂಮಳೆ ಬಂತು. ಪುಸ್ತಕದಲ್ಲಿ ಹಿಂದಿನ ದಿನದ ಎದುರಿಗೆ ಅಪ್ಪನ ಕೈಯಲ್ಲಿ ಸೊನ್ನೆ ಇದೆ. ಮಾರನೇ ದಿನದ್ದು ಖಾಲಿ. ಅದರ ಮುಂದಿನ ದಿನ ಇಪ್ಪತ್ತು ಸೆಂಟು ಅಂತ ಇದೆ, ಅದು ನನ್ನ ಅಕ್ಷರ.

— ಇದನ್ನ ಪದ್ಯದಲ್ಲಿ ಯಾಕೆ ಬರೀಲಿಲ್ಲ?

— ಆವತ್ತಿನದು ಬರೆದಿಲ್ಲ ಅನ್ನೋದು ನನಗೆ ತಪ್ಪು ಮಾಡಿದ ಹಾಗಿತ್ತು. ಪದ್ಯಕ್ಕೆ ಬರೋ ವಿಷಯ ಅಂತ ಅನ್ನಿಸಲೇ ಇಲ್ಲ.

— ‘ಪ್ಪ’ ಇಲ್ಲಿಗೆ ಬಿಡು. ಅದರ ಕೆಲಸ ಆಯ್ತು. ‘ಇಲ್ಲ’ದ ಪ್ರಾಸ ಹಿಡಿ. ಸಾಲು ಬರೆಯಬೇಡ, ಬರೀ ಮಾತು ಬರಿ. ‘ಲ್ಲ’ ಇರೋ ಮಾತು, ಒಂದರ ಕೆಳಗೆ ಒಂದು.

— ಇಲ್ಲ. ಎಲ್ಲ. ಅಲ್ಲಿ. ಕಲ್ಲು. ಬಲ್ಲ. ನಿಲ್ಲು. ಮೆಲ್ಲ. ಸೊಲ್ಲು. ಹುಲ್ಲು. ಚೆಲ್ಲು...

— ಯಾಕೆ ನಿಲ್ಲಿಸಿದೆ?

— ಅಮ್ಮ ಚೆಲ್ಲಿದ್ದು ಮೇಷ್ಟ್ರೇ. ಆವತ್ತು ಬೆಳಿಗ್ಗೆ. ಮನೆ ತುಂಬ ಜನ. ಅಪ್ಪನ್ನ ಹಜಾರದಲ್ಲಿ ಮಲಗಿಸಿತ್ತು. ನಾನು ಕಿಟಕಿ ಹತ್ತಿರ ಕೂತಿದ್ದೆ. ಅಮ್ಮ ಎದ್ದು ಅಂಗಳಕ್ಕೆ ಹೋದಳು, ಮಾಪಕದ ಡಬ್ಬಿ ತೆಗೆದಳು, ನೀರನ್ನ ಗಿಡದ ಬುಡಕ್ಕೆ ಚೆಲ್ಲಿ ವಾಪಸ್ ಬಂದು ಕೂತಳು. ಯಾರೂ ಗಮನಿಸಲಿಲ್ಲ. ನಾನು ಮರೆತಿದ್ದೆ ಅಂದರೆ ಸುಳ್ಳಾಗುತ್ತೆ. ಇದುವರೆಗೆ ಯಾರಿಗೂ ಹೇಳಿಲ್ಲ ಅಷ್ಟೆ.

— ಇವತ್ತಿಗೆ ಸಾಕು. ಕಾಫಿ ಕುಡಿದು ಹೋಗು.

*

— ಆರೂ ಸಾಲು ಆಯ್ತು. ಒಂಬತ್ತು ದಿನ ಹಿಡಿಯಿತು.

— ಮೊದಲು ಹೇಗೆ ಕಟ್ಟಿದೆ, ಅದು ಹೇಳು.

— ಕೊನೆಯಿಂದ. ಆರನೆಯ ಸಾಲಿಗೆ ‘ಚೆಲ್ಲಿ ಬಂದಳು’ ಅಂತ ಮೊದಲು ಕೂತಿತು, ಮೂರು ನಾಲ್ಕು, ತಾನಾಗಿಯೇ. ಅದು ಕೂತ ಮೇಲೆ ಉಳಿದ ಐದು ಸಾಲೂ ಅಲ್ಲಿಗೆ ಬರೋ ದಾರಿ ಅಂತ ಗೊತ್ತಾಯ್ತು. ಮೂರನೆಯದು ಇನ್ನೊಂದು ಉದ್ದ ಸಾಲಲ್ಲವಾ, ಅಲ್ಲಿಗೆ ಏನು ಅಂತ ನಾಲ್ಕು ದಿನ ಯೋಚನೆ ಮಾಡಿದೆ. ಅಪ್ಪನ ಬಗ್ಗೆ ಏನು ಹಾಕಿದರೂ ಹೊಗಳಿಕೆ ಆಗ್ತಿತ್ತು. ಕೊನೆಗೆ ಮಳೆಗೇ ಬಿಟ್ಟುಕೊಟ್ಟೆ.

ಎಲ್ಲ ಮಳೆಗಳ ಲೆಕ್ಕ ಬರೆದವ
ಇಲ್ಲವಾದಿರುಳೊಳಗೆ ಬಂದುದು
ಮೆಲ್ಲ ಮೆಲ್ಲನೆ ಹೆಂಚ ತಟ್ಟುತ ಕಾಫಿ ಹೂಮಳೆಯು
ಕಲ್ಲ ಮೇಲಿನ ಮಳೆಯ ಮಾಪಕ
ದಲ್ಲಿ ನಿಂತುದ ನೋಡದಮ್ಮನು
ಚೆಲ್ಲಿ ಬಂದಳು ಮಲ್ಲಿಗೆಯ ಬುಡಕಂದು ಬರೆಯದೆಯೇ

— ಇನ್ನೊಂದು ಸಲ ಓದು. ಹಾಡಬೇಡ.

— ಓದಿದೆ.

— ನಿನ್ನ ಹಳೇ ಹಾಳೆಯಲ್ಲಿ ‘ನಾನು’ ಇತ್ತು. ಇಲ್ಲಿ ಎಲ್ಲಿ?

— ಇಲ್ಲ. ತೆಗೆದದ್ದೂ ಅಲ್ಲ. ಜಾಗವೇ ಸಿಗಲಿಲ್ಲ.

— ಅಪ್ಪ ಎಷ್ಟು ಸಾಲಿನಲ್ಲಿದ್ದಾರೆ?

— ಒಂದೂವರೆ. ನಾನು ಎರಡು ವರ್ಷ ಅಪ್ಪನ ಮೇಲೆ ಪದ್ಯ ಬರೀತಿದ್ದೀನಿ ಅಂತಿದ್ದೆ. ಅದು ಅಮ್ಮನ ಪದ್ಯ ಆಗೋಕೆ ಕಾಯ್ತಿತ್ತು.

— ಈ ಸಾಲು ಮುರಿದದ್ದೂ ನೋಡು. ‘ಮಾಪಕ’ ಅಂತ ನಾಲ್ಕನೆಯದರಲ್ಲಿ ನಿಂತು, ‘ದಲ್ಲಿ’ ಅಂತ ಐದಕ್ಕೆ ಇಳಿದಿದೆ. ಮಾತನ್ನ ಹೀಗೆ ಎರಡು ಸಾಲಿಗೆ ಹಂಚೋದು ಷಟ್ಪದಿಯಲ್ಲಿ ಹಳೇ ಪದ್ಧತಿ. ಇಲ್ಲಿ ಅದು ಪ್ರಾಸ ಕೂರಿಸೋಕೆ ಬಂದಿದ್ದರೂ, ಓದುವಾಗ ಡಬ್ಬಿಯೊಳಗೆ ಬಗ್ಗಿ ನೋಡಿದ ಹಾಗೆ ಆಗುತ್ತೆ. ನನಗೆ ಅದು ಇಷ್ಟವಾಯ್ತು. ಇನ್ನು ಕಷ್ಟದ ಕೆಲಸ. ಎಲ್ಲಿ ನಿನಗೇ ಅನುಮಾನ ಇದೆ?

— ‘ಅಮ್ಮನು’ ಅನ್ನೋದರ ‘ನು’ ಮಾತ್ರೆಗೆ ಬಂದದ್ದು. ಆರನೆಯದರಲ್ಲಿ ‘ಅಂದು’ ಕೂಡ. ಎರಡನೆಯ ಸಾಲಿನಲ್ಲೇ ‘ಇರುಳು’ ಅಂತ ಹೇಳಿಯಾಗಿದೆ, ಮತ್ತೆ ಅಂದು ಬೇಕಿರಲಿಲ್ಲ.

— ನನಗಿರೋ ಅನುಮಾನ ಬೇರೆ. ಹೋದ ಸಲ ‘ಗಿಡದ ಬುಡಕ್ಕೆ’ ಅಂದೆ. ಇಲ್ಲಿ ಮಲ್ಲಿಗೆ ಅಂತಿದೆ. ಮಲ್ಲಿಗೆಯಲ್ಲೂ ‘ಲ್ಲ’ ಇದೆ. ಆ ಗಿಡ ನೀನು ನೋಡಿದ್ದಾ, ಪ್ರಾಸ ನೆಟ್ಟಿದ್ದಾ?

— ಅಂಗಳದಲ್ಲಿ ಮಲ್ಲಿಗೆ ಇದೆ. ಆದರೆ ಅದಕ್ಕೇ ಚೆಲ್ಲಿದಳಾ ಅಂದರೆ ನನಗೆ ಗೊತ್ತಿಲ್ಲ.

— ‘ನೋಡದೆ’ ಅನ್ನೋದು?

— ಅದು ಹೌದು. ನೋಡಲಿಲ್ಲ. ಅಂದರೆ... ನನಗೆ ಅಮ್ಮನ ಬೆನ್ನು ಕಾಣ್ತಿತ್ತು.

— ಅಮ್ಮನ್ನ ಕೇಳು. ಇದನ್ನ ಓದಿ ತೋರಿಸಬೇಕು ಅಂತಿಲ್ಲ. ಕೇಳು ಅಷ್ಟೆ.

— ಕೇಳಿದರೆ ಇರೋ ಪದ್ಯವೂ ಹೋದರೆ?

— ಹೋದರೆ ಹೋಗಲಿ. ಷಟ್ಪದಿಗೆ ಹಾಕಿದ ಎಷ್ಟೋ ಪದ್ಯ ಬದುಕಲ್ಲ. ಮೂರು ನಾಲ್ಕು ಸಲ ಪ್ರಾಸ ಬದಲಾಯಿಸಿದರೂ ಪ್ರಾಸದ ಮಾತೇ ಬರ್ತಿದ್ದು ನಿನ್ನದೊಂದೂ ಬರದಿದ್ದರೆ, ಅಲ್ಲಿ ಬರೆಯೋದಕ್ಕೆ ಏನೂ ಇರಲಿಲ್ಲ ಅಂತ ಅರ್ಥ. ನಿನ್ನದು ಆ ಹಂತ ದಾಟಿದೆ. ಆದರೆ ಈ ಎರಡು ಮಾತು ಅನುಮಾನದಲ್ಲಿ ಇಟ್ಟುಕೊಂಡು ನಾನಾದರೆ ಮುಂದೆ ಹೋಗಲ್ಲ.

*

— ಕೂತ್ಕೊ. ಒದ್ದೆಯಾಗಿದ್ದೀಯ. ಏನಂದರು?

— ನಿನ್ನೆ ರಾತ್ರಿ ಕೇಳಿದೆ. ಅಮ್ಮ ಒಲೆ ಮುಂದೆ ಕೂತಿದ್ದಳು. ಆವತ್ತು ಬೆಳಿಗ್ಗೆ ಡಬ್ಬಿ ನೀರು ಚೆಲ್ಲಿದೆಯಲ್ಲ, ಯಾವ ಗಿಡಕ್ಕೆ ಅಂದೆ. ತಿರುಗಿ ನೋಡದೆ ಹೇಳಿದಳು, ದಾಸವಾಳಕ್ಕೆ. ಮಲ್ಲಿಗೆ ಆ ಕಡೆ ಇತ್ತು, ಅಲ್ಲಿ ಜನ ಚಪ್ಪಲಿ ಬಿಟ್ಟಿದ್ದರು ಅಂತ.

— ದಾಸವಾಳ.

— ಹೌದು. ನನಗೆ ಮೊದಲು ಬೇಜಾರಾಯ್ತು, ಮಲ್ಲಿಗೆ ಅಷ್ಟು ಚೆನ್ನಾಗಿ ಕೂತಿತ್ತು. ಆಮೇಲೆ ಹಾಳೆ ತೆಗೆದು ಎಣಿಸಿದೆ. ದಾಸ, ಮೂರು. ವಾಳದ, ನಾಲ್ಕು. ಬುಡಕೆ, ಮೂರು. ‘ಅಂದು’ ಬೇಕಾಗಲೇ ಇಲ್ಲ ಮೇಷ್ಟ್ರೇ, ಬಿದ್ದುಹೋಯ್ತು. ‘ಚೆಲ್ಲಿ ಬಂದಳು ದಾಸವಾಳದ ಬುಡಕೆ ಬರೆಯದೆಯೇ.’

— ಇದು ಹೆಚ್ಚು ಗಟ್ಟಿ ಇದೆ. ಮಲ್ಲಿಗೆ ಅಂದಾಗ ಸ್ವಲ್ಪ ಪರಿಮಳ ಹಚ್ಚಿದ ಹಾಗಿತ್ತು. ಇನ್ನೊಂದು ಕೇಳಿದೆಯಾ?

— ಕೇಳೋ ಮೊದಲೇ ಅವಳೇ ಹೇಳಿದಳು. ‘ಒಂದು ಇಂಚು ಹತ್ತು ಸೆಂಟು’ ಅಂತ.

— ನೋಡಿದ್ದರಾ?

— ಜಾರಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ್ದಳಂತೆ. ಅಪ್ಪ ಮಾಡೋ ಹಾಗೇ. ನನಗೆ ಬೆನ್ನು ಕಾಣ್ತಿತ್ತಲ್ಲ, ಜಾರು ಕಾಣಲಿಲ್ಲ. ಎರಡು ವರ್ಷದಿಂದ ಅವಳಿಗೆ ಆ ಲೆಕ್ಕ ಗೊತ್ತಿದೆ. ಆ ವರ್ಷ ಹೂ ಚೆನ್ನಾಗಿ ಕಟ್ಟುತ್ತೆ ಅಂತ ಆವತ್ತೇ ಗೊತ್ತಾಗಿತ್ತಂತೆ. ಹೇಳೋಕೆ ಯಾರೂ ಇರಲಿಲ್ಲ ಅಂದಳು.

— ಹಾಗಾದರೆ ನಿನ್ನ ಐದನೆಯ ಸಾಲು?

— ‘ದಲ್ಲಿ ನಿಂತುದ ನೋಡಿಯಮ್ಮನು.’ ‘ದ’ ಇದ್ದಲ್ಲಿ ‘ಯ’, ‘ಡ’ ಇದ್ದಲ್ಲಿ ‘ಡಿ’. ಮಾತ್ರೆ ಅಷ್ಟೇ ಇದೆ. ಏನೂ ಅಲುಗಲಿಲ್ಲ. ಆದರೆ ‘ಬರೆಯದೆಯೇ’ ಅನ್ನೋದು ಈಗ ಬೇರೆಯೇ ಆಗಿಬಿಟ್ಟಿದೆ. ಮೊದಲು ಅದು ನೋಡಲಿಲ್ಲ, ಅದಕ್ಕೇ ಬರೀಲಿಲ್ಲ ಅಂತಿತ್ತು.

— ಆ ‘ಯೇ’ ಬಗ್ಗೆ ನನಗೆ ಹೋದ ಸಲ ಅನುಮಾನ ಇತ್ತು, ಗುರು ಬೇಕು ಅಂತ ಎಳೆದಿದ್ದೀಯ ಅನ್ನಿಸಿತ್ತು. ಈಗ ಅದಕ್ಕೆ ಅಲ್ಲಿ ಕೆಲಸ ಇದೆ. ಸರಿ, ಏನು ಮಾಡ್ತೀಯ? ಇದನ್ನೇ ಇಟ್ಟುಕೊಳ್ತೀಯಾ, ಬಿಡಿಸ್ತೀಯಾ?

— ಬೆಳಿಗ್ಗೆ ಬಿಡಿಸಿ ನೋಡಿದೆ. ಪ್ರಾಸ ಇಲ್ಲ, ಗಣ ಇಲ್ಲ. ಓದಲಾ?

ಆ ದಿನದ ಎದುರು ಖಾಲಿ.
ಹಿಂದಿನ ದಿನ ಸೊನ್ನೆ, ಅಪ್ಪನ ಕೈ.
ಮುಂದಿನ ದಿನ ಇಪ್ಪತ್ತು ಸೆಂಟು, ನನ್ನದು.
ನಡುವೆ ಅಮ್ಮ
ಜಾರು ಎತ್ತಿ ನೋಡಿ
ದಾಸವಾಳದ ಬುಡಕ್ಕೆ ಸುರಿದು
ಒಳಗೆ ಬಂದು ಕೂತಳು.

— ಆಕಾಶದ ಲೆಕ್ಕ ಹೋಯ್ತು.

— ಹೋಯ್ತು. ಷಟ್ಪದಿಯಲ್ಲೂ ಅದಕ್ಕೆ ಜಾಗ ಇರಲಿಲ್ಲ, ಇಲ್ಲೂ ಬೇ­ಕು ಅನ್ನಿಸಲಿಲ್ಲ. ಆದರೆ ಒಂದು ಕಳೆದುಕೊಂಡೆ. ಹೆಂಚಿನ ಮೇಲೆ ಮೆಲ್ಲಗೆ ಬಂದ ಮಳೆ ಆ ಮೂರನೆಯ ಉದ್ದ ಸಾಲಿನಲ್ಲಿ ಕೇಳಿಸೋದು. ಇದರಲ್ಲಿ ಮಳೆ ಸದ್ದೇ ಇಲ್ಲ.

— ಅದು ನನಗೂ ಕೊರತೆ ಅನ್ನಿಸ್ತು. ಎರಡನ್ನೂ ಇಟ್ಟುಕೊ. ಒಂದು ವಾರ ಯಾವುದನ್ನೂ ಮುಟ್ಟಬೇಡ. ಇನ್ನೊಂದು ಕೇಳಲಾ? ಅಮ್ಮ ಲೆಕ್ಕ ಹೇಳಿದರಲ್ಲ, ಆ ಖಾಲಿ ಜಾಗದಲ್ಲಿ ಬರೆದೆಯಾ?

— ಪೆನ್ನು ತಗೊಂಡು ಹೋದೆ. ಒಂದು ಇಂಚು ಹತ್ತು ಸೆಂಟು, ಬರೀಲಾ ಅಂತ ಕೇಳಿದೆ.

— ಏನಂದರು?

— ಬೇಡ ಅಂದಳು.